ತಿಕೋಟಾದ ಬಿಸಿಲಿಗೆ ಎರಡು ಫೋನ್: ಪ್ರಾಯೋಜಿತ ವಿಡಿಯೊ, ಲ್ಯಾಬ್ ಅಳತೆ, ಬಳಸಿದವರ ಮಾತು

ತಮ್ಮನ ದ್ರಾಕ್ಷಿ ತೋಟ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಇದೆ. ಯಾವ ಔಷಧಿ ಎಷ್ಟು ಹೊಡೆಯಬೇಕು ಅನ್ನೋದರಿಂದ ಹಿಡಿದು ಮಣೂಕದ ರೇಟಿನವರೆಗೆ ಎಲ್ಲವೂ ಅವನಿಗೆ ವಾಟ್ಸಾಪ್‌ನಲ್ಲೇ ಬರುತ್ತದೆ. ಅದನ್ನು ಓದುವುದು ಮನೆಯಲ್ಲಿ ಕೂತಲ್ಲ, ಬಿಸಿಲಲ್ಲಿ ನಿಂತು. ಹೊಸ ಫೋನ್ ನೋಡು ಅಂತ ನನಗೆ ಹೇಳಿದಾಗ ಅವನು ಕೇಳಿದ್ದು ಒಂದೇ: "ಅಣ್ಣಾ, ಮಧ್ಯಾಹ್ನ ಹನ್ನೆರಡಕ್ಕ ಸ್ಕ್ರೀನ್ ಕಾಣಬೇಕ ನೋಡು." ಇಪ್ಪತ್ತೈದು ಸಾವಿರದೊಳಗೆ ಎರಡು ಫೋನ್ ಆರಿಸಿಕೊಂಡು, ಇದೊಂದೇ ಪ್ರಶ್ನೆಯನ್ನು ಮೂರು ಕಡೆ ಇಟ್ಟು ನೋಡಿದೆ.

ಪ್ರಾಯೋಜಿತ ವಿಡಿಯೊ ಗುರುತಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಹಾಗೆಂದೇ ತಿಳಿಸಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೂ ಮಾರ್ಗಸೂಚಿ ತಂದಿವೆ. ಯೂಟ್ಯೂಬ್‌ನಲ್ಲಿ ವಿಡಿಯೊ ಶುರುವಾಗುತ್ತಲೇ ಮೂಲೆಯಲ್ಲಿ Includes paid promotion ಅಂತ ಬಂದು ಹೋಗುತ್ತದೆ, ಆ ಮೊದಲ ಕೆಲವು ಸೆಕೆಂಡು ಕಣ್ಣಿಟ್ಟು ನೋಡಬೇಕು. ಆ ಚೀಟಿ ಇಲ್ಲದ ಕಡೆ ನಾನು ನೋಡಿದ್ದು ಅಂಕಿ ಎಲ್ಲಿಂದ ಬಂತು ಅನ್ನುವುದನ್ನು. ಪರದೆಯ ಬೆಳಕನ್ನು ಅಳೆಯುವುದು ನಿಟ್ಸ್‌ನಲ್ಲಿ, ಮೊದಲನೇ ಫೋನಿನ ಡಬ್ಬದ ಮೇಲೆ 4500 ನಿಟ್ಸ್ ಅಂತ ಇತ್ತು. ಬಿಡುಗಡೆಯ ದಿನ ಬಂದ ವಿಡಿಯೊಗಳೆಲ್ಲ ಅದೇ 4500 ಹೇಳಿದವು, ಅದೇ ಕ್ರಮದಲ್ಲಿ ಅವೇ ಗುಣಗಳನ್ನು ಹೊಗಳಿದವು, ಅದೇ ಬೆಲೆಯ ಇನ್ನೊಂದು ಫೋನಿನ ಹೆಸರು ಒಬ್ಬರೂ ಎತ್ತಲಿಲ್ಲ. ಕೊರತೆ ಅಂತ ಹೇಳಿದ್ದು ಇಯರ್‌ಫೋನ್ ಜ್ಯಾಕ್ ಇಲ್ಲ ಅನ್ನುವಂಥದ್ದು ಮಾತ್ರ, ಅದು ಕೊಳ್ಳುವವನಿಗೆ ಡಬ್ಬ ನೋಡಿದರೂ ಗೊತ್ತಾಗುತ್ತದೆ. ಹಾಗಂತ ಆ ವಿಡಿಯೊಗಳು ಕೆಲಸಕ್ಕೆ ಬಾರದವು ಅಂತ ನಾನು ಹೇಳಲಾರೆ. ಫೋನ್ ಎಷ್ಟು ದಪ್ಪ, ಡಬ್ಬದಲ್ಲಿ ಚಾರ್ಜರ್ ಇದೆಯಾ, ಬೇಡದ ಆ್ಯಪ್ ಎಷ್ಟು ತುಂಬಿದ್ದಾರೆ, ಇವನ್ನೆಲ್ಲ ಅಲ್ಲೇ ಕಣ್ಣಾರೆ ಕಾಣಬಹುದು. ಬಿಸಿಲಿನ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗಲಿಲ್ಲ.

ಲ್ಯಾಬ್ ಅಳತೆಯಲ್ಲಿ ಚಿತ್ರವೇ ಬದಲಾಯಿತು. ಒಂದೇ ಪರದೆಗೆ ಮೂರು ಬೆಳಕಿನ ಅಂಕಿ ಇರುತ್ತವೆ. ಡಬ್ಬದ ಮೇಲಿನದು ಗರಿಷ್ಠ ಬೆಳಕು. ಎಚ್‌ಡಿಆರ್ ವಿಡಿಯೊದಲ್ಲಿ ಪರದೆಯ ಚಿಕ್ಕದೊಂದು ತುಣುಕು ಮಾತ್ರ ಹೊಳೆಯುವಾಗ ಸಿಗುವ ಬೆಳಕು ಅದು. ಪರದೆ ತುಂಬ ಬಿಳಿ ಹಾಳೆ ಇದ್ದರೆ ಅಷ್ಟೂ ಚುಕ್ಕಿಗಳಿಗೆ ವಿದ್ಯುತ್ ಬೇಕು, ಬಿಸಿ ಏರುತ್ತದೆ, ಹಾಗಾಗಿ ಫೋನ್ ತಾನೇ ಬೆಳಕು ಇಳಿಸುತ್ತದೆ. ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ಅಂಥ ಬಿಳಿ ಹಾಳೆಯೇ. ಎರಡನೇ ಅಂಕಿ ಆಟೊ ಬ್ರೈಟ್‌ನೆಸ್ ಆನ್ ಇದ್ದು ಸೆನ್ಸರ್ ಮೇಲೆ ಬಿಸಿಲು ಬಿದ್ದಾಗ ಬರುವಂಥದ್ದು. ಮೂರನೆಯದು ಆಟೊ ಆಫ್ ಮಾಡಿ ಕೈಯಿಂದ ಪೂರ್ತಿ ಏರಿಸಿದಾಗ ಬರುವಂಥದ್ದು. ನಾನು ನಂಬುವ ಒಂದು ಪರೀಕ್ಷಾ ತಾಣದ ಪ್ರಕಾರ, ಪರದೆಯ ಬಹುಭಾಗ ಬಿಳಿ ಇಟ್ಟು ಅಳೆದಾಗ 4500ರ ಆ ಫೋನ್ ಆಟೊದಲ್ಲಿ ಕೊಟ್ಟದ್ದು 1150ರ ಆಸುಪಾಸು, ಕೈಯಿಂದ ಏರಿಸಿದರೆ 500ರ ಹತ್ತಿರ. ಜಾಹೀರಾತಿನಲ್ಲಿ ಬಡವಾಗಿ ಕಂಡಿದ್ದ ಎರಡನೇ ಫೋನ್ ಆಟೊದಲ್ಲಿ ಸುಮಾರು 1200 ಕೊಟ್ಟಿತ್ತು. ಅಂದರೆ ತೋಟದಲ್ಲಿ ನಿಂತವನ ಕಣ್ಣಿಗೆ ಎರಡೂ ಒಂದೇ.

ಇಂಥ ಅಂಕಿ ಓದುವಾಗ ಪರದೆಯ ಎಷ್ಟು ಪಾಲು ಬಿಳಿ ಇಟ್ಟು ಅಳೆದರು ಅನ್ನುವುದನ್ನು ಹುಡುಕಬೇಕು. ಒಬ್ಬರು ಮುಕ್ಕಾಲು ಭಾಗ ಇಟ್ಟಿರುತ್ತಾರೆ, ಇನ್ನೊಬ್ಬರು ಪೂರ್ತಿ. ಅದಕ್ಕೇ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಾರದು, ಎರಡೂ ಫೋನಿನ ಅಂಕಿ ಒಂದೇ ಕಡೆಯಿಂದ ತೆಗೆದುಕೊಳ್ಳಬೇಕು. ಅಳತೆ ಹೇಗೆ ಮಾಡಿದರು ಅಂತ ಬರೆಯದೆ ಬರೀ ಅಂಕಿ ಕೊಟ್ಟವರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಳಸಿದವರ ಮಾತಿಗೆ ಬಂದಾಗ ಗೊಂದಲ ಶುರುವಾಯಿತು. ಲ್ಯಾಬ್ ಸಮಸಮ ಅಂದಿದ್ದ ಎರಡು ಫೋನಿಗೂ ಬಿಸಿಲಿನ ದೂರು ಇದ್ದವು. ಮಾರಾಟದ ಆ್ಯಪ್‌ನಲ್ಲಿ ಮೊದಲಿಗೆ ಕಾಣುವುದು ಹೆಚ್ಚಾಗಿ ಫೋನ್ ಕೈಗೆ ಬಂದ ವಾರದಲ್ಲೇ ಬರೆದ ಐದು ನಕ್ಷತ್ರ. ಖರೀದಿ ಖಚಿತ ಅನ್ನುವ ಗುರುತು ಕೂಡ ಕೊಂಡಿದ್ದನ್ನು ಹೇಳುತ್ತದೆಯೇ ಹೊರತು ಎಷ್ಟು ದಿನ ಬಳಸಿದರು ಅಂತ ಹೇಳುವುದಿಲ್ಲ. ಹೊಸದು ಮೊದಲು ಬರುವಂತೆ ಜೋಡಿಸಿಕೊಂಡು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬರೆದವನ್ನು ಮಾತ್ರ ಓದಿದೆ. ಡಿಸೆಂಬರಿನಲ್ಲಿ ಬಿಸಿಲಿಗೆ ಚಲೋ ಕಾಣುತ್ತದೆ ಅಂದವರ ಮಾತು ನಮ್ಮ ಪ್ರಶ್ನೆಗೆ ಸಾಕ್ಷಿಯಲ್ಲ.

ಎರಡನೇ ಫೋನ್ ಇಟ್ಟುಕೊಂಡಿದ್ದ ಪರಿಚಯದವರೊಬ್ಬರು ನೇರವಾಗಿಯೇ ಹೇಳಿದ್ದರು: "ಬಿಸಲಾಗ ಏನೂ ಕಾಣಾಂಗಿಲ್ರಿ ಅದು." ಫೋನ್ ಕೊಡಿ ಅಂತ ತೆಗೆದುಕೊಂಡು ನೋಡಿದರೆ, ಬ್ಯಾಟರಿ ಉಳಿಯಲಿ ಅಂತ ಆಟೊ ಬ್ರೈಟ್‌ನೆಸ್ ಆಫ್ ಮಾಡಿಟ್ಟಿದ್ದರು. ಬಹಳ ಫೋನ್‌ಗಳಲ್ಲಿ ಬಿಸಿಲಿನ ಹೆಚ್ಚಿನ ಬೆಳಕು ಬರುವುದು ಆಟೊ ಆನ್ ಇದ್ದಾಗ ಮಾತ್ರ. ಆನ್ ಮಾಡಿ ಅಂಗಳಕ್ಕೆ ತಂದ ಕೂಡಲೇ ಅಕ್ಷರ ಎದ್ದು ಕಂಡವು. ಆ ದೂರು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಕಂಡಿರಲಿಲ್ಲ. ಕಾರಣ ಮಾತ್ರ ಫೋನಿನಲ್ಲಿ ಇರಲಿಲ್ಲ.

ಮೊದಲನೇ ಫೋನಿನ ದೂರು ಬೇರೆ ಜಾತಿಯದು. ಕಲಬುರಗಿಯವರು, ನಾಗಪುರದವರು, ರಾಜಸ್ಥಾನದವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಒಂದೇ ಮಾತು ಬರೆದಿದ್ದರು: ಶುರುವಿಗೆ ಚೆನ್ನಾಗಿ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಮಂಕಾಗುತ್ತದೆ, ಏರಿಸಿದರೂ ಏರುವುದಿಲ್ಲ. ಬರೀ ಕೆಟ್ಟದು ಅನ್ನುವ ದೂರಿಗಿಂತ ಇಂಥದ್ದಕ್ಕೆ ಹೆಚ್ಚು ತೂಕ ಕೊಡಬೇಕು, ಯಾಕೆಂದರೆ ಯಾವಾಗ, ಎಷ್ಟು ಹೊತ್ತಿಗೆ, ಏನಾಯಿತು ಅನ್ನುವುದು ಅದರಲ್ಲಿದೆ. ಎಷ್ಟು ಜನ ಕೊಂಡವರಲ್ಲಿ ಎಷ್ಟು ಜನಕ್ಕೆ ಹೀಗಾಯಿತು ಅನ್ನುವುದು ಅಲ್ಲಿ ತಿಳಿಯುವುದಿಲ್ಲ, ನೊಂದವರೇ ಹೆಚ್ಚು ಬರೆಯುತ್ತಾರೆ. ಆದರೆ ಏನು ಹುಡುಕಬೇಕು ಅಂತ ತಿಳಿಯಿತು.

ಲ್ಯಾಬಿಗೂ ಇವರಿಗೂ ಇದರಲ್ಲಿ ಜಗಳವಿಲ್ಲ. ಲ್ಯಾಬಿನ ಕೋಣೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ, ಬೆಳಕಿನ ಅಳತೆ ಕ್ಷಣಗಳಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಬೇಸಿಗೆಯ ನೆರಳೇ 40 ದಾಟುತ್ತದೆ, ಅದರ ಮೇಲೆ ನೇರ ಬಿಸಿಲು. ಒಳಗಿನ ಬಿಸಿ ಒಂದು ಮಟ್ಟ ದಾಟಿದರೆ ಬ್ಯಾಟರಿ ಮತ್ತು ಪರದೆ ಕೆಡದಂತೆ ಫೋನ್ ಬೆಳಕನ್ನು ಇಳಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಫೋನೂ ಹೀಗೆ ಮಾಡುತ್ತವೆ, ಎಷ್ಟು ಬೇಗ ಅನ್ನುವುದರಲ್ಲೇ ವ್ಯತ್ಯಾಸ.

ಆ ವ್ಯತ್ಯಾಸ ನೋಡಲು ಸಂಬಂಧಿಕರೊಬ್ಬರಿಂದ ಮೊದಲನೇ ಫೋನ್, ಆ ಪರಿಚಯದವರಿಂದ ಎರಡನೆಯದು ಇಸಕೊಂಡು ತೋಟಕ್ಕೆ ಹೋದೆ. ಎರಡರ ಕವರ್ ತೆಗೆದು, ಶೆಡ್ಡಿನ ನೆರಳಲ್ಲಿ ತಣಿಯಲು ಬಿಟ್ಟು, ಆಟೊ ಆನ್ ಮಾಡಿ, ಒಂದೇ ಬಿಳಿ ಪಿಡಿಎಫ್ ತೆರೆದು ಒಟ್ಟಿಗೆ ಬಿಸಿಲಿಗೆ ಹಿಡಿದೆವು. ಮೊದಲಿಗೆ ತಮ್ಮನಿಗೆ ಯಾವುದು ಹೆಚ್ಚು ಅಂತ ಹೇಳಲಾಗಲಿಲ್ಲ. ನಾಲ್ಕೈದು ನಿಮಿಷಕ್ಕೆ ಮೊದಲನೆಯದರ ಬಿಳಿ ಬೂದಿ ಬಣ್ಣಕ್ಕೆ ತಿರುಗಿ, ಸಣ್ಣ ಅಕ್ಷರ ಓದಲು ಅಂಗೈ ಅಡ್ಡ ಹಿಡಿಯಬೇಕಾಯಿತು. ಎರಡನೆಯದೂ ಇಳಿಯಿತು, ಆದರೆ ತಡವಾಗಿ, ಔಷಧಿಯ ಚೀಟಿ ಎರಡು ಸಲ ಓದಿ ಮುಗಿಸಿದ ಮೇಲೆ. ಎರಡೂ ಬಳಸಿದ ಫೋನ್, ಪರೀಕ್ಷೆ ಒಂದೇ ಜೋಡಿಯದು, ಹಾಗಾಗಿ ಇದನ್ನು ಎಲ್ಲರ ತೀರ್ಪು ಅನ್ನಲಾರೆ. ಆದರೆ ದೂರದೂರಿನವರು ಬರೆದಿದ್ದಕ್ಕೆ ಸರಿಯಾಗಿ ಹೊಂದಿತು.

ತಮ್ಮ ಎರಡನೆಯದನ್ನೇ ತೆಗೆದುಕೊಂಡ. ಅಂಗಡಿಯಲ್ಲಿ ಅದರ ಹೊಸ ಮಾದರಿಯೂ ಇತ್ತು, ಎರಡು ಸಾವಿರ ಹೆಚ್ಚು. ಅದರ ಲ್ಯಾಬ್ ಅಂಕಿ ಚಲೋ ಇದ್ದವು, ಆದರೆ ಅದನ್ನು ಹಿಡಿದುಕೊಂಡು ಒಂದು ಬೇಸಿಗೆ ಕಳೆದವರು ಇನ್ನೂ ಯಾರೂ ಇರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಬೀಳುವಂಥ ತೊಂದರೆಯೂ ಬರುವುದಾದರೆ ತಿಂಗಳುಗಟ್ಟಲೆ ಬಳಸಿದ ಮೇಲೆ ಅಥವಾ ಅಪ್‌ಡೇಟ್ ಆದ ಮೇಲೆಯೇ ಹೆಚ್ಚು. ಹಳೆಯ ಮಾದರಿಗೆ ಒಂದು ವರ್ಷದ ಮಾತು ಇತ್ತು, ಆ ಗೆರೆಯ ದೂರು ಅದರಲ್ಲಿ ನನಗೆ ಸಿಗಲಿಲ್ಲ, ಅದಕ್ಕೇ ಅದನ್ನೇ ಕೊಡಿಸಿದೆ.