ಕಂಪನಿಯೊಳಗಿನ ತರಬೇತಿಗೆ ಕೊಟೇಶನ್ ಕೇಳುವ ಮುನ್ನ ಇದನ್ನು ಓದಿ

ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುವವರು, ತರಬೇತಿ ಸಂಸ್ಥೆಗಳಿಗೆ "ನಮ್ಮಲ್ಲಿಗೇ ಬಂದು, ನಮಗೆ ಬೇಕಾದ ಹಾಗೆ ಕೋರ್ಸ್ ಮಾಡಿಕೊಡಿ" ಎಂದು ಬರೆಯುವ ಜವಾಬ್ದಾರಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಬಜೆಟ್ 3 ಲಕ್ಷ ಎಂದು ತಿಳಿಸಿದ್ದರೂ ಕೊನೆಗೆ ಕಟ್ಟಿದ್ದು 4,22,440 ರೂಪಾಯಿ. ಅಷ್ಟು ಕಟ್ಟಿಯೂ ಕೆಲಸ ಆಗಲಿಲ್ಲ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇದೇ ಬಗೆಯ ಕೊಟೇಶನ್ ಕಳಿಸುವವರು ಇನ್ನೂ ಎಷ್ಟೋ ಜನ ಇರುವುದರಿಂದ, ಕೊಟೇಶನ್ ಓದುವುದು ಹೇಗೆಂದು ತಿಳಿದಿರುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮದು ಪೀಣ್ಯದಲ್ಲಿ ವಾಹನಗಳ ಬಿಡಿಭಾಗಗಳಿಗೆ ಮಷೀನಿಂಗ್ ಮಾಡುವ ಘಟಕ. ಮೂರು ಶಿಫ್ಟ್‌ಗಳಲ್ಲಿ ಸೇರಿ 48 ಸೂಪರ್‌ವೈಸರ್‌ಗಳು, ಇನ್‌ಸ್ಪೆಕ್ಟರ್‌ಗಳು ಇದ್ದಾರೆ. ದೋಷವಿರುವ ಮಾಲು ಗ್ರಾಹಕ ಕಂಪನಿಗೆ ಹೋದರೆ ಅವರು 8ಡಿ ರಿಪೋರ್ಟ್ ಕೇಳುತ್ತಾರೆ. ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡಿದಿರಿ ಎಂಬುದನ್ನು ಹಂತ ಹಂತವಾಗಿ ಬರೆದು ಕೊಡಬೇಕು. ನಮ್ಮ ರಿಪೋರ್ಟ್‌ಗಳು ಒಪ್ಪಿಗೆಯಾಗದೆ ಮತ್ತೆ ಮತ್ತೆ ವಾಪಸ್ ಬರುತ್ತಿದ್ದವು.

ಒಂದು ಬುಷ್‌ನ ಬೋರ್ ಅಳತೆಗಿಂತ ಕಿರಿದಾಗಿ ಹೋಗಿತ್ತು ಅಂದುಕೊಳ್ಳಿ. ನಮ್ಮವರು ಕಾರಣದ ಕಾಲಂನಲ್ಲಿ "ಆಪರೇಟರ್ ಸರಿಯಾಗಿ ಚೆಕ್ ಮಾಡಿಲ್ಲ" ಎಂದೂ, ಕ್ರಮದ ಕಾಲಂನಲ್ಲಿ "ಆಪರೇಟರ್‌ಗೆ ತಿಳಿಹೇಳಲಾಗಿದೆ" ಎಂದೂ ಬರೆದು ಮುಗಿಸುತ್ತಿದ್ದರು. ಇನ್ನಷ್ಟು ಕೆದಕಿದ್ದರೆ ಬೇರೆಯೇ ಕಾರಣ ಸಿಗುತ್ತಿತ್ತು. ಬೋರ್ ಕಿರಿದಾದದ್ದು ಲೋಹ ಕತ್ತರಿಸುವ ಮೊನೆಯಾದ ಇನ್ಸರ್ಟ್ ಸವೆದಿದ್ದರಿಂದ. ಸವೆದ ಇನ್ಸರ್ಟ್ ಬದಲಿಸದೆ ಉಳಿದದ್ದು, 400 ಪೀಸ್‌ಗೊಮ್ಮೆ ಬದಲಿಸಿ ಎಂದು ಮಷೀನ್ ಪಕ್ಕದ ಚಾರ್ಟ್ ಹೇಳುತ್ತಿದ್ದರಿಂದ. ಅಷ್ಟರೊಳಗೇ ಸವೆದದ್ದು, ಖರೀದಿ ವಿಭಾಗ ಬೇರೆ ಗ್ರೇಡ್‌ನ ಇನ್ಸರ್ಟ್ ತರಿಸಿದ್ದರಿಂದ. ಚಾರ್ಟ್ ತಿದ್ದದೆ ಹೋದದ್ದು, ಇನ್ಸರ್ಟ್ ಬದಲಾದರೆ ಪ್ರೊಡಕ್ಷನ್‌ಗೆ ತಿಳಿಸಬೇಕೆಂಬ ಪದ್ಧತಿಯೇ ಇಲ್ಲದ್ದರಿಂದ. ಹೀಗೆ ಒಂದರ ಹಿಂದೆ ಒಂದು "ಯಾಕೆ" ಕೇಳುತ್ತಾ ಹೋಗುವುದನ್ನು ನಮ್ಮ ಸೂಪರ್‌ವೈಸರ್‌ಗಳಿಗೆ ಕಲಿಸಬೇಕಿತ್ತು. ತರಬೇತಿಯಿಂದ ನಮಗೆ ಬೇಕಾಗಿದ್ದುದು ಇಷ್ಟೇ.

ಖರೀದಿ ವಿಭಾಗ ತನ್ನ ಮಾಮೂಲಿ ನಮೂನೆಯಲ್ಲೇ ಪತ್ರ ಕಳಿಸಿತು. ಭಾಗವಹಿಸುವವರು 48ರಿಂದ 60, ಉದ್ದೇಶ ಸಮಸ್ಯೆ ಪರಿಹರಿಸುವ ಕೌಶಲ ಹೆಚ್ಚಿಸುವುದು, ಬಜೆಟ್ 2ರಿಂದ 3 ಲಕ್ಷ. ಹೇಳಬೇಕಾದ ಮೂರೂ ವಿಷಯ ಅದರಲ್ಲಿವೆ. ಎರಡೇ ದಿನಕ್ಕೆ ಚೆಂದದ ಕೊಟೇಶನ್ ಬಂತು: ಎರಡು ದಿನದ ಕಾರ್ಯಾಗಾರ, 60 ಜನರವರೆಗೆ, ನಿಮ್ಮ ಅಗತ್ಯಕ್ಕೆ ತಕ್ಕಂತೆ ಕಸ್ಟಮೈಸ್ ಮಾಡುವುದು ಉಚಿತ, ಒಟ್ಟು 2,95,000. ಅಷ್ಟು ಬೇಗ ಬಂದದ್ದೇ ಮೊದಲ ಲಕ್ಷಣ. ನಮ್ಮ ಒಂದು ರಿಪೋರ್ಟನ್ನೂ ಅವರು ಕೇಳಿರಲಿಲ್ಲ, ಶಾಪ್ ಫ್ಲೋರ್‌ಗೆ ಕಾಲಿಟ್ಟಿರಲಿಲ್ಲ. ಹಾಗಿದ್ದ ಮೇಲೆ ಕಸ್ಟಮೈಸ್ ಮಾಡುವುದು ಏನನ್ನು? ಮಾಡಿದ್ದು ಇಷ್ಟೇ: ಸ್ಲೈಡ್‌ಗಳ ಮೂಲೆಯಲ್ಲಿ ನಮ್ಮ ಲೋಗೋ ಹಾಕಿದ್ದರು. ಉದಾಹರಣೆಗಳೆಲ್ಲ ಕಾಲ್ ಸೆಂಟರ್‌ನವು, ಗ್ರಾಹಕರ ಫೋನ್ ಎತ್ತಲು ತಡವಾದರೆ ಏನು ಮಾಡಬೇಕು ಎಂಬಂಥವು.

ಇನ್ನು ಜನರ ಲೆಕ್ಕ. "60 ಜನರವರೆಗೆ" ಎಂದರೆ ಎಲ್ಲರಿಗೂ ಸೇರಿ ಒಂದೇ ಬ್ಯಾಚ್ ಎಂದು ನಮಗೆ ಗೊತ್ತಾದದ್ದು ಆಮೇಲೆ. ಕ್ಯಾಂಟೀನ್ ಹಾಲ್‌ನಲ್ಲಿ ಕುರ್ಚಿ ಹಾಕಿ 48 ಜನರನ್ನು ಕೂರಿಸಲಾಯಿತು. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ 6ಕ್ಕೆ ಹೊರಬಂದವರೂ 9:30ಕ್ಕೆ ಅಲ್ಲಿ ಬಂದು ಕೂರಬೇಕಾಯಿತು, ಅವರು ತೂಕಡಿಸಿದ್ದರಲ್ಲಿ ತಪ್ಪೇನಿಲ್ಲ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಲೈನ್ ನಿಲ್ಲುತ್ತದೆಂದು ಅರ್ಧ ಜನರನ್ನು ಪ್ರೊಡಕ್ಷನ್‌ನವರು ವಾಪಸ್ ಕರೆಸಿಕೊಂಡರು. ಇಂಥ ವಿಷಯವನ್ನು ಕೈಯಿಂದ ಮಾಡಿಯೇ ಕಲಿಯಬೇಕು. ಐದೈದು ಜನರ ಗುಂಪು ಮಾಡಿದರೆ 48 ಜನಕ್ಕೆ ಹತ್ತು ಗುಂಪು. ಒಂದೊಂದು ಗುಂಪಿನ ಕೆಲಸ ತಿದ್ದಲು ಹತ್ತು ನಿಮಿಷ ಹಿಡಿದರೂ ಒಂದು ಸುತ್ತಿಗೆ ನೂರು ನಿಮಿಷ ಬೇಕು. ಯಾವ ತರಬೇತುದಾರನೂ ಅಷ್ಟು ಹೊತ್ತು ಕೊಡುವುದಿಲ್ಲ, ಭಾಷಣ ಮಾಡಿ ಮುಗಿಸುತ್ತಾನೆ. ಇಲ್ಲಿ ಆದದ್ದೂ ಅದೇ, ಅದೂ ಇಂಗ್ಲಿಷ್-ಹಿಂದಿ ಬೆರೆಸಿ. ಮಾತುಕತೆಗೆ ಬಂದಿದ್ದ ಅನುಭವಿಯ ಬದಲು ಆ ದಿನ ಬೇರೊಬ್ಬರು ಬಂದಿದ್ದರು. "ಅವರು ಬೇರೆ ಅಸೈನ್‌ಮೆಂಟ್‌ನಲ್ಲಿದ್ದಾರೆ ಸರ್" ಎಂಬ ಉತ್ತರ ಸಿಕ್ಕಿತು.

ಹಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. 2,95,000 ಎಂಬುದು ನಮ್ಮ ಬಜೆಟ್‌ನ ಮೇಲಂಚಿಗೆ ತಾಗಿಸಿ ಇಟ್ಟ ಸಂಖ್ಯೆ. ಕೊಟೇಶನ್‌ನ ಕೊನೆಯ ಪುಟದ ಷರತ್ತುಗಳಲ್ಲಿ, ಜಿಎಸ್‌ಟಿ ಪ್ರತ್ಯೇಕ, ಕಲಿಕಾ ಪುಸ್ತಕಕ್ಕೆ ತಲಾ 450, ಪ್ರಯಾಣ ಮತ್ತು ವಸತಿ ಆದ ಖರ್ಚಿನಂತೆ ಎಂದಿತ್ತು. 18 ಪರ್ಸೆಂಟ್ ಜಿಎಸ್‌ಟಿ ಸೇರಿ ಮೂಲ ಮೊತ್ತ 3,48,100 ಆಯಿತು. ಬಂದವರು 48 ಜನ, ಪುಸ್ತಕದ ಬಿಲ್ ಮಾತ್ರ 60ಕ್ಕೆ: 27,000, ಜಿಎಸ್‌ಟಿ ಸೇರಿ 31,860. ಬೇರೆ ರಾಜ್ಯದಿಂದ ಇಬ್ಬರು ವಿಮಾನದಲ್ಲಿ ಬಂದು ಹೋಟೆಲ್‌ನಲ್ಲಿ ಉಳಿದದ್ದಕ್ಕೆ 36,000, ಅದರ ಮೇಲೂ ಜಿಎಸ್‌ಟಿ ಹಾಕಿ 42,480. ಜಿಎಸ್‌ಟಿಯ ಭಾಗ ನಮ್ಮಂಥ ನೋಂದಾಯಿತ ಕಂಪನಿಗೆ ಕ್ರೆಡಿಟ್ ಆಗಿ ಸಿಗುತ್ತದೆ. ಶಾಲೆ, ಆಸ್ಪತ್ರೆಯಂಥ, ತೆರಿಗೆ ವಿನಾಯಿತಿಯ ಸೇವೆ ಕೊಡುವ ಸಂಸ್ಥೆಗಳಿಗೆ ಆ ಸೌಲಭ್ಯ ಇಲ್ಲದಿರುವುದರಿಂದ ಅದು ಪೂರ್ತಿ ಖರ್ಚೇ. ಅಂಥ ಕಡೆ ಇರುವವರು ಬಜೆಟ್ ಬರೆಯುವಾಗ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಚ್ಚುವರಿ ಬಿಲ್ ಕಟ್ಟುವುದಿಲ್ಲ ಎಂದು ಜಗಳ ಮಾಡಿದೆವು. ಅವರು ನಮ್ಮದೇ ಪರ್ಚೇಸ್ ಆರ್ಡರ್ ತೋರಿಸಿದರು. ಅದರಲ್ಲಿ "ನಿಮ್ಮ ಕೊಟೇಶನ್‌ನಂತೆ" ಎಂಬ ಮಾಮೂಲಿ ಸಾಲು ಇತ್ತು. ಆ ಒಂದು ಸಾಲಿನಿಂದ ಅವರ ಕೊನೆಯ ಪುಟದ ಷರತ್ತುಗಳೆಲ್ಲ ನಮ್ಮ ಆರ್ಡರ್‌ನ ಭಾಗವಾಗಿಬಿಟ್ಟಿದ್ದವು. ಕಟ್ಟದೆ ಬೇರೆ ದಾರಿ ಇರಲಿಲ್ಲ.

ತರಬೇತಿ ಮುಗಿದ ಸಂಜೆ ಫೀಡ್‌ಬ್ಯಾಕ್ ಫಾರ್ಮ್ ಹಂಚಿ, ತುಂಬಿಸಿಕೊಂಡು ಹೋಗಿ, "ತೃಪ್ತಿ ಅತ್ಯುತ್ತಮ" ಎಂದು ವರದಿ ಕಳಿಸಿದರು. ಊಟ ಚೆನ್ನಾಗಿತ್ತೇ, ಮಾತು ಚೆನ್ನಾಗಿತ್ತೇ ಎಂಬ ಪ್ರಶ್ನೆಗಳಿಗೆ ನಮ್ಮ ಜನ ಒಳ್ಳೆಯ ಅಂಕವನ್ನೇ ಕೊಡುತ್ತಾರೆ. ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ. ಈ ಫಾರ್ಮ್ ಮೊದಲ ಹಂತ ದಾಟುವುದೇ ಇಲ್ಲ. ಮುಂದಿನ ತಿಂಗಳ ರಿಪೋರ್ಟ್‌ಗಳಲ್ಲೂ "ಆಪರೇಟರ್‌ಗೆ ತಿಳಿಹೇಳಲಾಗಿದೆ" ಎಂದೇ ಇತ್ತು.

ಆಮೇಲೆ ಪತ್ರ ಬರೆಯುವ ಕೆಲಸ ನನಗೆ ಬಂತು. ಕ್ವಾಲಿಟಿ ಮ್ಯಾನೇಜರ್ ಜೊತೆ ಕೂತು ಬರೆದ ಆ ಪತ್ರದ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ, ಬೇಕಾದವರು ಬಳಸಿಕೊಳ್ಳಬಹುದು:

"ಭಾಗವಹಿಸುವವರು 48 ಜನ, ತಲಾ 16ರಂತೆ ಮೂರು ಬ್ಯಾಚ್, ಒಂದು ಬ್ಯಾಚ್‌ಗೆ ಒಂದು ದಿನ. ರಾತ್ರಿ ಶಿಫ್ಟ್‌ನವರಿಗೆ ಅವರ ಶಿಫ್ಟ್ ಬದಲಾದ ವಾರದಲ್ಲಿ. ವಿದ್ಯಾರ್ಹತೆ ಐಟಿಐ ಅಥವಾ ಡಿಪ್ಲೊಮಾ. ಪಾಠ ಕನ್ನಡದಲ್ಲಿ, ರಿಪೋರ್ಟ್ ಫಾರ್ಮ್ ಮಾತ್ರ ಇಂಗ್ಲಿಷ್‌ನಲ್ಲಿ. ಉದ್ದೇಶ: ತರಬೇತಿಯಾಗಿ ಎಂಟು ವಾರಗಳ ನಂತರ, ಕಾರಣದ ಕಾಲಂ 'ಆಪರೇಟರ್ ತಪ್ಪು' ಎಂಬಲ್ಲಿಗೆ ನಿಂತಿರುವ ರಿಪೋರ್ಟ್ ಒಂದೂ ಗ್ರಾಹಕರಿಗೆ ಹೋಗಬಾರದು. ಗ್ರಾಹಕರ ಹೆಸರು, ಪಾರ್ಟ್ ನಂಬರ್ ಅಳಿಸಿದ ಹಳೆಯ ರಿಪೋರ್ಟ್‌ಗಳನ್ನು ಗೋಪ್ಯತೆಯ ಒಪ್ಪಂದದ ಮೇಲೆ ಕೊಡುತ್ತೇವೆ, ಅಭ್ಯಾಸ ಅವುಗಳ ಮೇಲೆಯೇ ಆಗಬೇಕು. ಬಜೆಟ್: ಪ್ರಯಾಣ, ವಸತಿ, ಪುಸ್ತಕ, ಜಿಎಸ್‌ಟಿ ಎಲ್ಲ ಸೇರಿ 2ರಿಂದ 3 ಲಕ್ಷ, ಅದರ ಮೇಲೆ ಯಾವ ಬಿಲ್ಲೂ ಇಲ್ಲ. ತಯಾರಿ, ತರಗತಿ, ಮುದ್ರಣ, ನಂತರದ ಭೇಟಿ, ಇವುಗಳ ದರ ಬೇರೆ ಬೇರೆಯಾಗಿ ತೋರಿಸಿ. ಪಾಠ ಮಾಡುವವರ ಹೆಸರು ಕೊಡಿ."

ಬಜೆಟ್ ಹೇಳಲೇಬಾರದು, ಹೇಳಿದರೆ ಅಷ್ಟಕ್ಕೇ ಕೊಟೇಶನ್ ಬರುತ್ತದೆ ಎನ್ನುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಹೇಳದಿದ್ದರೆ ಒಬ್ಬರು ಅರ್ಧ ದಿನದ ಭಾಷಣಕ್ಕೂ ಇನ್ನೊಬ್ಬರು ಆರು ತಿಂಗಳ ಯೋಜನೆಗೂ ದರ ಕಳಿಸುತ್ತಾರೆ, ಹೋಲಿಸಿ ನೋಡಲು ಆಗುವುದೇ ಇಲ್ಲ. ಬಜೆಟ್ ಹೇಳಿ, ಆದರೆ ಅದರೊಳಗೆ ಏನೇನು ಬರುತ್ತದೆ ಎಂಬುದನ್ನು ನೀವೇ ಬರೆಯಿರಿ, ವಿಂಗಡಿಸಿದ ದರ ಕೇಳಿ. ವಿಂಗಡಿಸಿ ಕೊಟ್ಟಾಗ, ಮೇಲಂಚಿಗೆ ತಾಗಿಸಿದ ಮೊತ್ತದಲ್ಲಿ ಎಲ್ಲಿ ಗಾಳಿ ತುಂಬಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ.

ಈ ಪತ್ರಕ್ಕೆ ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಹಳೆಯ ಮಾದರಿಯ ಕೊಟೇಶನ್ನೇ ಕಳಿಸಿದರು, ತಯಾರಿಯ ಕಾಲಂನಲ್ಲಿ ಸೊನ್ನೆ. ತಯಾರಿಗೆ ದರವೇ ಇಲ್ಲವೆಂದರೆ ತಯಾರಿಯೂ ಇರುವುದಿಲ್ಲ ಎಂದು ಈಗ ನನಗೆ ಗೊತ್ತು. ಬೆಂಗಳೂರಿನವರೇ ಒಬ್ಬರು ದರ ಕಳಿಸುವ ಮುಂಚೆ ಫೋನ್ ಮಾಡಿ, "ಮೇಡಂ, ವಾಪಸ್ ಬಂದ ಮೂರು ರಿಪೋರ್ಟ್ ಕಳಿಸ್ತೀರಾ? ಫ್ಲೋರ್‌ಗೆ ಒಂದ್ಸಲ ಬಂದು ನೋಡಬಹುದಾ? ಈ ರಿಪೋರ್ಟ್ ಸಹಿ ಮಾಡೋದು ಯಾರು?" ಎಂದು ಕೇಳಿದರು. ಮೂರನೇ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ಸಹಿ ಮಾಡುವ ಎಂಜಿನಿಯರ್‌ಗಳು ಅರೆಬರೆ ರಿಪೋರ್ಟನ್ನು ಹಾಗೇ ದಾಟಿಸುತ್ತಿದ್ದರೆ ಸೂಪರ್‌ವೈಸರ್‌ಗೆ ಎಷ್ಟು ಕಲಿಸಿದರೂ ಪ್ರಯೋಜನವಿಲ್ಲ. ಆ ಎಂಜಿನಿಯರ್‌ಗಳಿಗೂ ಒಂದು ಗಂಟೆಯ ಕೂಟ ಇರಲಿ ಎಂದು ಅವರೇ ಸೇರಿಸಿದರು.

ಅವರ ದರ ಹೀಗಿತ್ತು: ತಯಾರಿ ಎರಡು ದಿನಕ್ಕೆ 30,000, ಮೂರು ಬ್ಯಾಚ್‌ಗೆ 45,000ದಂತೆ 1,35,000, ಎಂಟು ವಾರಗಳೊಳಗೆ ಮೂರು ಸಲ ಬಂದು ಹೊಸ ರಿಪೋರ್ಟ್‌ಗಳನ್ನು ಸೂಪರ್‌ವೈಸರ್‌ಗಳ ಜೊತೆ ಕೂತು ತಿದ್ದುವುದಕ್ಕೆ 45,000, ಮುದ್ರಣಕ್ಕೆ 12,000. ಒಟ್ಟು 2,22,000, ಜಿಎಸ್‌ಟಿ ಸೇರಿ 2,61,960. 16 ಜನರ ಬ್ಯಾಚ್‌ನಲ್ಲಿ ನಾಲ್ಕೇ ಗುಂಪು ಇದ್ದುದರಿಂದ ಒಂದು ದಿನದಲ್ಲಿ ಪ್ರತಿ ಗುಂಪಿನ ಹಾಳೆಯನ್ನು ಎರಡೆರಡು ಸಲ ತಿದ್ದಲು ಹೊತ್ತು ಸಿಕ್ಕಿತು. ಈಗಲೂ ರಿಪೋರ್ಟ್ ವಾಪಸ್ ಬರುವುದುಂಟು. ಆದರೆ ಬರುವ ಪ್ರಶ್ನೆಗಳು ಅಳತೆಯ ದಾಖಲೆ ಎಲ್ಲಿ, ಚಾರ್ಟ್ ತಿದ್ದಿದ ದಿನಾಂಕ ಯಾವುದು ಎಂಬಂಥವು.

ಪರ್ಚೇಸ್ ಆರ್ಡರ್‌ನಲ್ಲೂ ಸಾಲು ಬದಲಾಗಿದೆ. "ನಿಮ್ಮ ಕೊಟೇಶನ್‌ನಂತೆ" ಎಂಬುದರ ಜಾಗದಲ್ಲಿ, "ನಮ್ಮ ಪತ್ರ ಮತ್ತು ಈ ಆರ್ಡರ್‌ನ ಷರತ್ತುಗಳಿಗೂ ಕೊಟೇಶನ್‌ಗೂ ವ್ಯತ್ಯಾಸವಿದ್ದರೆ ಆರ್ಡರ್‌ನ ಷರತ್ತುಗಳೇ ಅಂತಿಮ" ಎಂದು ಬರೆಯುತ್ತೇವೆ. ಹೆಸರಿಸಿದ ತರಬೇತುದಾರ ಬರಲಾಗದಿದ್ದರೆ ದಿನಾಂಕ ಮುಂದೂಡುವುದು, ನಮ್ಮ ಒಪ್ಪಿಗೆಯಿಲ್ಲದೆ ಬೇರೆಯವರನ್ನು ಕಳಿಸುವಂತಿಲ್ಲ. ಮೊತ್ತದ ಕೊನೆಯ 20 ಪರ್ಸೆಂಟ್ ಎಂಟನೇ ವಾರದ ಭೇಟಿ ಮುಗಿದ ಮೇಲೆ. ಈ ಕೊನೆಯ ಷರತ್ತನ್ನು ಫೋನ್‌ನಲ್ಲಿ ಹೇಳಿದಾಗಲೇ ಹಿಂದೆ ಸರಿಯುವವರಿದ್ದಾರೆ. ಅದಕ್ಕೇ ಈಗ ಅದನ್ನು ಮೊದಲ ಪತ್ರದಲ್ಲೇ ಸೇರಿಸಿ ಕಳಿಸುತ್ತೇನೆ.