ಕರಾರಿನ ಸಾರಾಂಶ: ಮೂಲದ ಮಾತೋ, ನಮ್ಮ ಮಾತೋ?

ವಿಜಯಪುರದ ದ್ರಾಕ್ಷಿ ಬೆಳೆಗಾರರೊಬ್ಬರು ಕೇಳಿದರು: ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ನ ಕರಾರನ್ನು ಮನೆಯವರಿಗೆ ಒಂದು ಪುಟದಲ್ಲಿ ಬರೆದುಕೊಡಬೇಕು, ಮೂಲದ ವಾಕ್ಯಗಳನ್ನೇ ಇಡಲೋ, ಸ್ವಂತ ಮಾತಲ್ಲಿ ಹೇಳಲೋ?

ಓದೋಕೆ ಸುಲಭ ಯಾವುದು ಅಂದರೆ ಸ್ವಂತ ಮಾತೇ. ಬಾಡಿಗೆ ಯಾರಿಗೆ ಕಟ್ಟಬೇಕು, ಬಾಕ್ಸ್ ಇಳಿಸೋರು ಯಾರು, ಇವಕ್ಕೆ ಅದು ಸಾಕು.

ತಪ್ಪಿದರೆ ಎಷ್ಟು ನಷ್ಟ ಅಂತ ನೋಡಿದರೆ ಕತೆ ಬೇರೆ. ಕರಾರಿನಲ್ಲಿ ಹೀಗಿದೆ ಅಂದುಕೊಳ್ಳಿ: "ಸರಕು ಹಿಂಪಡೆದ ದಿನದಿಂದ 7 ದಿನಗಳೊಳಗೆ ಲಿಖಿತ ದೂರು ನೀಡದಿದ್ದಲ್ಲಿ ಸಂಗ್ರಹಗಾರರು ಹೊಣೆಗಾರರಲ್ಲ." ಸಾರಾಂಶದಲ್ಲಿ "ಮಾಲು ಕೆಟ್ಟರೆ ವಾರದಲ್ಲಿ ತಿಳಿಸಿ" ಅಂತ ಬರೆದರೆ ಚೆನ್ನಾಗೇ ಕಾಣುತ್ತದೆ. ಆದರೆ 'ಲಿಖಿತ' ಹೋಯಿತು. ಎಣಿಕೆ ಎಲ್ಲಿಂದ ಶುರು ಅನ್ನೋದೂ ಹೋಯಿತು. ಓದಿದವರು ಬಾಕ್ಸ್ ತೆರೆದ ದಿನದಿಂದ ಎಣಿಸಿ, ಸುಮ್ನೆ ಒಂದು ಫೋನ್ ಮಾಡಿ ಕೂತರೆ? ಪರಿಹಾರ ಕೇಳುವ ದಾರಿಯೇ ಮುಚ್ಚಬಹುದು.

ನಾನು ಹೀಗೆ ಪರೀಕ್ಷಿಸುತ್ತೇನೆ: ಒಂದು ಪದ ಬಿಟ್ಟರೆ ದುಡ್ಡು, ಗಡುವು ಅಥವಾ ಹೊಣೆ ಬದಲಾಗುತ್ತದಾ? ಬದಲಾಗುವುದಾದರೆ ಮೂಲವನ್ನೇ ಇಡಿ. 'ಹೊರತುಪಡಿಸಿ', 'ಯಾವುದು ಮೊದಲೋ ಅದು', 'ಮಾಡಬಹುದು', 'ಮಾಡತಕ್ಕದ್ದು' ಕಂಡಲ್ಲಿ ಜಾಸ್ತಿ ಎಚ್ಚರ. 'ಬಹುದು' ಅನ್ನೋದನ್ನು 'ಮಾಡುತ್ತಾರೆ' ಅಂತ ಬರೆದರೆ ಅವರು ಕೊಡದ ಮಾತನ್ನು ನೀವೇ ಕೊಟ್ಟಂತೆ, ಅಲ್ವಾ?

ಮೂಲವನ್ನೇ ತುಂಬಿದರೂ ಕಷ್ಟ. ಅರ್ಧ ವಾಕ್ಯ ಎತ್ತಿ ಷರತ್ತು ಬಿಟ್ಟರೆ ಉದ್ಧರಣೆಯೂ ದಾರಿ ತಪ್ಪಿಸುತ್ತದೆ. ಓದುವವರು ಹಿರಿಯರಾದರೆ ಸರಳ ಮಾತು ಮೇಲೆ, ಪೂರ್ತಿ ವಾಕ್ಯ ಕಲಂ ನಂಬರಿನ ಜೊತೆ ಕೆಳಗೆ. ಕರಾರು ಇಂಗ್ಲಿಷಿನಲ್ಲಿದ್ದರೆ ಅದೇ ವಾಕ್ಯ ಇಂಗ್ಲಿಷಿನಲ್ಲೇ ಇರಲಿ. ಅನುವಾದವೂ ನಮ್ಮ ಮಾತೇ.