ನನ್ನದೇ ದನಿಯ ಮೂರು ಕ್ಲೋನ್: ಯಾವುದು ಓದಿಗೆ ಒಗ್ಗಿತು, ಯಾವುದಕ್ಕೆ ಯಾರ ಒಪ್ಪಿಗೆ ಬೇಕಾಯಿತು

ನಾನು ಬರೆದ ಪ್ರಬಂಧಗಳನ್ನು ನಾನೇ ಓದಿ, ರೆಕಾರ್ಡ್ ಮಾಡಿ ಹಾಕುತ್ತೇನೆ. ಹತ್ತು ನಿಮಿಷದ ಓದಿಗೆ ತಪ್ಪು ತಿದ್ದುವುದು, ಎಡಿಟಿಂಗ್ ಎಲ್ಲ ಸೇರಿ ಎರಡು ಗಂಟೆ ಹಿಡಿಯುತ್ತದೆ. ಅದಕ್ಕೇ ನನ್ನ ದನಿಯನ್ನು ಕ್ಲೋನ್ ಮಾಡಿ ನೋಡೋಣ ಅಂತ ಮೂರು ದಾರಿಗಳನ್ನು ಪ್ರಯತ್ನಿಸಿದೆ. ಮೂರಕ್ಕೂ ಕೊಟ್ಟಿದ್ದು ಒಂದೇ ಪ್ಯಾರಾ. ಅದರಲ್ಲಿ ಒಂದು ಇಸವಿ, ಇಬ್ಬರ ಸಣ್ಣ ಮಾತುಕತೆ, 'ಹಳ್ಳ', 'ಕಣ್ಣು' ಥರದ ಒತ್ತಿನ ಪದಗಳನ್ನು ಬೇಕೆಂದೇ ಸೇರಿಸಿದ್ದೆ.

ಮೊದಲನೆಯದು ಚಿಕ್ಕ ತುಣುಕಿನ ದಾರಿ. ಹತ್ತು ಸೆಕೆಂಡಿನ ನಿಮ್ಮ ಮಾತು ಕೊಟ್ಟರೆ ಸಾಕು, ಉಳಿದದ್ದನ್ನು ಆ ದನಿಯಲ್ಲೇ ಓದುತ್ತದೆ. ಕನ್ನಡಕ್ಕೆ AI4Bharat ತಂಡದ IndicF5 ಅನ್ನುವ ಮಾದರಿ ಇದೆ. ನಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. ಇದಕ್ಕೆ ಆಡಿಯೋ ಮಾತ್ರ ಕೊಟ್ಟರೆ ಆಗಲ್ಲ, ಅದರಲ್ಲಿ ಏನು ಹೇಳಿದ್ದೀರಿ ಅನ್ನುವುದನ್ನೂ ಬರೆದು ಕೊಡಬೇಕು:

```
audio = model(text, ref_audio_path="nanna_dani.wav", ref_text=ref)
```

ನಾನು ಎಡವಿದ್ದು ಆ `ref_text` ಅಲ್ಲೇ. ತುಣುಕಿನ ಕೊನೆಯಲ್ಲಿ ನಾನು "ಅಲ್ವಾ" ಅಂದಿದ್ದೆ, ಬರೆಯುವಾಗ ಬಿಟ್ಟಿದ್ದೆ. ಹೊರಬಂದ ಓದು ಪ್ರತಿ ಸಲ "ಲ್ವಾ" ಅಂತಲೇ ಶುರುವಾಗುತ್ತಿತ್ತು! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಬರೆದದ್ದೂ ಹೇಳಿದ್ದೂ ಅಕ್ಷರಕ್ಕಕ್ಷರ ಒಂದೇ ಇರಬೇಕು, ತುಣುಕಿನ ಕೊನೆಯಲ್ಲಿ ಒಂದು ಸೆಕೆಂಡ್ ಮೌನ ಬಿಡಬೇಕು.

ಇಸವಿ ಬಂದ ಕಡೆಯೂ ಓದು ಓಡಿಬಿಡುತ್ತಿತ್ತು. ಈ ಬಗೆಯ ಮಾದರಿಗಳು ಓದಿಗೆ ಎಷ್ಟು ಹೊತ್ತು ಬೇಕು ಅನ್ನುವುದನ್ನು ಪಠ್ಯದ ಉದ್ದ ನೋಡಿ ಅಂದಾಜು ಮಾಡುತ್ತವೆ. '1947' ಅಂದರೆ ಬರಹದಲ್ಲಿ ನಾಲ್ಕೇ ಅಂಕಿ, ಬಾಯಲ್ಲಿ 'ಸಾವಿರದ ಒಂಬೈನೂರ ನಲವತ್ತೇಳು'. ಸಿಕ್ಕ ಚೂರು ಜಾಗದಲ್ಲಿ ಅಷ್ಟನ್ನೂ ತುರುಕಬೇಕು. ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆದ ಮೇಲೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಭಾವ. ತುಣುಕಿನಲ್ಲಿ ನಾನು ಉತ್ಸಾಹದಿಂದ ಮಾತಾಡಿದ್ದರೆ ಇಡೀ ಪ್ರಬಂಧವೇ ಅದೇ ಉತ್ಸಾಹದಲ್ಲಿ ಬರುತ್ತದೆ, ದುಃಖದ ಸಾಲೂ ಹಾಗೇ. ನಾನು ಶಾಂತ, ಚುರುಕು ಅಂತ ಎರಡು ತುಣುಕು ಇಟ್ಟುಕೊಂಡು, ಪ್ಯಾರಾ ನೋಡಿ ಬದಲಾಯಿಸುತ್ತಿದ್ದೆ.

ಎರಡನೆಯದು ಆನ್‌ಲೈನ್ ಸೇವೆ. ಇಲ್ಲಿ ಕನಿಷ್ಠ ಅರ್ಧ ಗಂಟೆಯ ರೆಕಾರ್ಡಿಂಗ್ ಕೇಳಿದರು, ನಾನು ಎರಡು ಗಂಟೆಯದ್ದು ಕೊಟ್ಟೆ. ಆಮೇಲೆ ಪರದೆ ಮೇಲೆ ಬಂದ ವಾಕ್ಯವನ್ನು ಅಲ್ಲೇ, ಆಗಲೇ ಓದಿ ತೋರಿಸಬೇಕು. ಇನ್ನೊಬ್ಬರ ರೆಕಾರ್ಡಿಂಗ್ ಕದ್ದು ತಂದವರನ್ನು ತಡೆಯಲು ಇದು ಒಳ್ಳೆಯ ಅಡ್ಡಿ. ಮೊದಲ ದಾರಿಯಲ್ಲಿ ಅಂಥ ಅಡ್ಡಿಯೇ ಇಲ್ಲ. ಒಪ್ಪಿಗೆ ಕೊಟ್ಟವರ ದನಿಯನ್ನಷ್ಟೇ ಬಳಸಿ ಅನ್ನುವ ಷರತ್ತು ಇದೆ, ಪಾಲಿಸುವುದು ನಮಗೆ ಬಿಟ್ಟದ್ದು.

ಓದಿನ ಗುಣದಲ್ಲಿ ಗೆದ್ದದ್ದು ಇದೇ. ನಾನು ವಾಕ್ಯದ ಕೊನೆಯಲ್ಲಿ ದನಿ ಇಳಿಸುವ ರೀತಿ, ಅಲ್ಪವಿರಾಮದಲ್ಲಿ ಉಸಿರು ಎಳೆಯುವುದು ಕೂಡ ಬಂತು. ಒಂದೇ ತೊಂದರೆ ಅಂದರೆ ಕೆಲವು ಸಾಲು ಹತ್ತಿರದಿಂದ, ಕೆಲವು ದೂರದಿಂದ ಹೇಳಿದ ಹಾಗೆ ಕೇಳುತ್ತಿದ್ದವು. ಮೂರು ದಿನ ರೆಕಾರ್ಡ್ ಮಾಡುವಾಗ ಮೈಕಿನಿಂದ ನಾನು ಕೂತ ದೂರ ಒಂದೇ ಇರಲಿಲ್ಲ, ಅದನ್ನೂ ಕಲಿತುಬಿಟ್ಟಿತ್ತು. ಇನ್ನೊಮ್ಮೆ ಮಾಡಿದರೆ ಒಂದೇ ಕೋಣೆ, ಒಂದೇ ಮೈಕು, ಒಂದೇ ಗೇಣು ದೂರ.

ಷರತ್ತುಗಳನ್ನು ಓದಿದ್ದು ಆಮೇಲೆ, ಅದು ನನ್ನ ತಪ್ಪು. ಕೊಟ್ಟ ಆಡಿಯೋ ಬಳಸಲು ಅವರಿಗೆ ಹಿಂಪಡೆಯಲಾಗದ ಹಕ್ಕು ಇದೆ ಅಂತ ಬರೆದಿತ್ತು. 'ದನಿಯನ್ನು ಅಳಿಸಿ' ಅನ್ನುವ ಬಟನ್ ಇತ್ತು, ಆದರೆ ಅದು ನನ್ನ ಖಾತೆಯಿಂದ ತೆಗೆಯುತ್ತದೋ, ಅವರ ಕಲಿಕೆಯ ಸಂಗ್ರಹದಿಂದಲೂ ತೆಗೆಯುತ್ತದೋ ಅಂತ ಎಲ್ಲೂ ಬರೆದಿರಲಿಲ್ಲ. ನನ್ನದೇ ದನಿ, ನಾನೇ ಕೊಟ್ಟಿದ್ದು, ಮತ್ತೆ ಒಪ್ಪಿಗೆಯ ಪ್ರಶ್ನೆ ಎಲ್ಲಿ ಬಂತು ಅಂತ ಮೊದಲು ಅನ್ನಿಸಿತ್ತು. ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ವಾಪಸ್ ತಗೊಳ್ಳಬಹುದಾ ಅನ್ನುವುದು ಗೊತ್ತಿಲ್ಲದೆ ಒತ್ತಿದ 'ಸರಿ' ಬಟನ್ ಒಪ್ಪಿಗೆ ಆಗುತ್ತದಾ? ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ದನಿಯನ್ನು ಬದಲಿಸಲು ಆಗಲ್ಲ.

ಮೂರನೆಯದು ದನಿ ಬದಲಾವಣೆ, ಅದಕ್ಕೆ RVC ಅನ್ನುವ ತಂತ್ರಾಂಶ ಬಳಸಿದೆ. ಇದು ಬರಹ ಓದುವುದಿಲ್ಲ. ಒಬ್ಬರು ಓದಿದ್ದನ್ನು ಇನ್ನೊಬ್ಬರ ದನಿಗೆ ತಿರುಗಿಸುತ್ತದೆ. ನನ್ನ ದನಿ ಕಲಿಸಲು ಹತ್ತು ನಿಮಿಷದ ಶುದ್ಧ ರೆಕಾರ್ಡಿಂಗ್ ಸಾಕಾಯಿತು. ನನಗೆ ಗಂಟಲು ಕಟ್ಟಿದ್ದಾಗ ತಂಗಿ ಓದಿದಳು, ಅದನ್ನು ನನ್ನ ದನಿಗೆ ತಿರುಗಿಸಿದೆ. ಹೆಣ್ಣು ದನಿಯಿಂದ ಗಂಡು ದನಿಗೆ ಹೋಗುವಾಗ ಶ್ರುತಿಯನ್ನು -12, ಅಂದರೆ ಒಂದು ಸ್ಥಾಯಿ ಕೆಳಗೆ ಇಳಿಸಬೇಕು. ಮೊದಲು ಸೊನ್ನೆಯಲ್ಲೇ ಬಿಟ್ಟಿದ್ದರಿಂದ ಕೀರಲು ದನಿ ಬಂದಿತ್ತು. ಮಾತುಕತೆಯ ಭಾಗ ಮೂರರ ಪೈಕಿ ಇಲ್ಲೇ ಹೆಚ್ಚು ಜೀವಂತ, ಯಾಕಂದ್ರೆ ಅದನ್ನು ಮನುಷ್ಯರೇ ಆಡಿದ್ದು.

ಆದರೆ ಆ ಓದು ಯಾರದ್ದು? ಎಲ್ಲಿ ನಿಲ್ಲಿಸಬೇಕು, ಯಾವ ಪದ ಒತ್ತಬೇಕು ಅನ್ನುವುದೆಲ್ಲ ತಂಗಿಯದು. ಕೇಳುವವರಿಗೆ ಅದು ಪೂರ್ತಿ ನನ್ನದೇ ಅನ್ನಿಸುತ್ತದೆ. ಇಲ್ಲಿ ಎರಡು ಒಪ್ಪಿಗೆ ಬೇಕು, ದನಿಯವರದ್ದು ಮತ್ತು ಓದಿದವರದ್ದು. ಅವಳನ್ನು ಕೇಳಿದಾಗ "ಹಾಕು ಅಣ್ಣ, ಆದರೆ ಓದಿದ್ದು ನಾನು ಅಂತಲೂ ಹೇಳು" ಅಂದಳು. ಹಾಗೇ ಹೇಳಿದೆ.

ಇನ್ನು ಕೇಳುಗರಿಗೆ ತಿಳಿಸುವ ವಿಷಯ. ಮೊದಲ ಕ್ಲೋನ್ ಓದನ್ನು ಹಾಕಿದಾಗ ವಿವರಣೆಯ ಕೊನೆ ಸಾಲಿನಲ್ಲಿ 'ಕೃತಕ ಧ್ವನಿ' ಅಂತ ಬರೆದಿದ್ದೆ. ಅದು ಅಪ್ಪ ತೀರಿಕೊಂಡ ದಿನದ ಪ್ರಬಂಧ. ಕೇಳಿದವರೊಬ್ಬರು ಬರೆದರು: "ಅಪ್ಪನ ಮಾತು ಬಂದಾಗ ನಿಮ್ಮ ದನಿ ನಡುಗಿತು, ನನಗೂ ಅಳು ಬಂತು." ಆ ಸಾಲನ್ನು ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಓದಿ ತುಂಬ ಕಸಿವಿಸಿಯಾಯಿತು. ಅವರಿಗೆ ನಿಜ ಬರೆದೆ, ಕ್ಷಮೆ ಕೇಳಿದೆ, ಆ ಪ್ರಬಂಧವನ್ನು ನಾನೇ ಓದಿ ಮತ್ತೆ ಹಾಕಿದೆ.

ಆಡಿಯೋ ಕೇಳುವವರು ವಿವರಣೆ ಓದುವುದಿಲ್ಲ. ಅದಕ್ಕೇ ಈಗ ಮೊದಲ ಹತ್ತು ಸೆಕೆಂಡಿನಲ್ಲಿ ನನ್ನ ಸ್ವಂತ ಬಾಯಲ್ಲೇ ಹೇಳುತ್ತೇನೆ. ಓದನ್ನು ಬೇರೆ ಕಡೆ ಮಾರುವವರಿಗೆ ಇನ್ನೊಂದು ಮಾತು: ಮಾರುವ ಜಾಗದ ನಿಯಮವನ್ನೂ ನೋಡಿ. ಆಡಿಯೋಪುಸ್ತಕಗಳನ್ನು ಮಾರಾಟಕ್ಕೆ ಹಾಕುವ ACX ತಾಣ, ಪ್ರತ್ಯೇಕ ಅನುಮತಿ ಇಲ್ಲದಿದ್ದರೆ ಮನುಷ್ಯರೇ ಓದಿರಬೇಕು ಅನ್ನುತ್ತದೆ. ಅಲ್ಲಿ ದನಿ ನಿಮ್ಮದೇ ಅನ್ನುವ ವಾದ ನಡೆಯಲ್ಲ.

ನಾನು ಉಳಿಸಿಕೊಂಡಿದ್ದು ಮೊದಲ ದಾರಿ. ಓದು ಎರಡನೆಯದರಷ್ಟು ನಯವಲ್ಲ, ನಿಜ. ಆದರೆ ಆ ಹತ್ತು ಸೆಕೆಂಡಿನ ಫೈಲು ನನ್ನ ಕಂಪ್ಯೂಟರಿನಲ್ಲೇ ಇದೆ, ಅಳಿಸಿದರೆ ಅಳಿಯಿತು. ಮಾಹಿತಿಯ ಬರಹಗಳಿಗೆ ಅದನ್ನು ಬಳಸುತ್ತೇನೆ. ಸ್ವಂತ ಅನುಭವದ ಬರಹ ಬಂದರೆ ಮೈಕ್ ಮುಂದೆ ನಾನೇ ಕೂರುತ್ತೇನೆ. ಕ್ಲೋನ್ ಬಳಸಿದ ಪ್ರತಿ ಓದಿನ ಶುರುವಿಗೆ ಹೇಳುವುದು ಇಷ್ಟು: "ನಮಸ್ಕಾರ. ಈ ಒಂದು ಮಾತು ನಾನೇ ಆಡುತ್ತಿರುವುದು. ಮುಂದಿನ ಓದು ನನ್ನ ದನಿಯಿಂದ ಕಂಪ್ಯೂಟರ್ ಮಾಡಿದ್ದು, ಬರಹ ನನ್ನದು."